ಗೆಳೆಯನ ವಾಸ್ತುಶಾಂತಿಗೆ ಹೋಗಲಿಲ್ಲ. ಕ್ಷಮೆ ಕೇಳಿ ಬರೆದ ಈ ನಾಲ್ಕು ಸಾಲು ಸರಿ ಇದೆಯಾ ನೋಡಿ

ಗುಮ್ಮಟದ ಊರವ
ಎಲ್ಲರಿಗೂ ನಮಸ್ಕಾರ. ನಾನು ವಿಜಯಪುರದವ. ನನ್ನ ಹಾಸ್ಟೆಲ್ ಕಾಲದ ದೋಸ್ತ ಬಾಗಲಕೋಟೆ ನವನಗರದಲ್ಲಿ ಮನೆ ಕಟ್ಟಿಸಿದ್ದಾನೆ. ಹೋದ ರವಿವಾರ ವಾಸ್ತುಶಾಂತಿ ಇತ್ತು. ಕಾರ್ಡ್ ಕೊಡಲು ಅವನೇ ಮನೆವರೆಗೂ ಬಂದಿದ್ದ. ನಾನು ಹೋಗಲಿಲ್ಲ.

ಇದ್ದದ್ದು ಇದ್ದ ಹಾಗೆ ಹೇಳ್ತೀನಿ. ಶನಿವಾರ ರಾತ್ರಿ ಮನೆಗೆ ಬೀಗರು ಬಂದರು, ಮಲಗುವಾಗ ಒಂದು ಗಂಟೆ. ಬೆಳಿಗ್ಗೆ ಎದ್ದಾಗ ಒಂಬತ್ತಾಗಿತ್ತು. ಬಸ್ಸಿನಲ್ಲಿ ಎರಡು ತಾಸಿನ ದಾರಿ. ಪೂಜೆ ಮುಗಿದಿರುತ್ತದೆ, ಬರೀ ಊಟಕ್ಕೆ ಹೋದಂತಾಗುತ್ತದೆ ಅಂತ ಕೂತುಬಿಟ್ಟೆ. ಹನ್ನೆರಡೂವರೆಗೆ ಒಮ್ಮೆ, ಮೂರು ಗಂಟೆಗೆ ಒಮ್ಮೆ ಅವನ ಫೋನ್ ಬಂತು. ಏನು ಹೇಳಬೇಕೋ ತಿಳಿಯದೆ ಎತ್ತಲಿಲ್ಲ. ಇವತ್ತಿಗೆ ಐದು ದಿನ. ಇದನ್ನು ಬರೆದಿಟ್ಟಿದ್ದೇನೆ, ಇನ್ನೂ ಕಳಿಸಿಲ್ಲ:

"ಪ್ರಿಯ ಗೆಳೆಯ, ನಿನ್ನ ನೂತನ ಗೃಹಪ್ರವೇಶ ಸಮಾರಂಭಕ್ಕೆ ಕಾರಣಾಂತರಗಳಿಂದ ಹಾಜರಾಗಲು ಸಾಧ್ಯವಾಗಲಿಲ್ಲ. ಇದರಿಂದ ನಿನ್ನ ಮನಸ್ಸಿಗೆ ನೋವಾಗಿದ್ದರೆ ದಯವಿಟ್ಟು ಕ್ಷಮಿಸಿ. ಆದರೆ ನನ್ನ ಪರಿಸ್ಥಿತಿಯನ್ನು ನೀನು ಅರ್ಥ ಮಾಡಿಕೊಳ್ಳುತ್ತೀಯ ಎಂದು ಭಾವಿಸುತ್ತೇನೆ. ನೂತನ ಮನೆಯಲ್ಲಿ ಸುಖ ಶಾಂತಿ ನೆಲೆಸಲಿ."

ಓದಿದರೆ ನನ್ನ ಮಾತಿನ ಹಾಗೆ ಅನಿಸುತ್ತಿಲ್ಲ. ಎಲ್ಲಿ ತಪ್ಪಿದೆ ಅಂತ ಗೊತ್ತಾಗ್ತಿಲ್ಲ. ಸಹಾಯ ಮಾಡಿ.

ಘಟಪ್ರಭಾ ದಂಡೆ
"ಹಾಜರಾಗಲು" ಅಂದರೆ ಕೋರ್ಟಿಗೆ ಕರೆದಿದ್ದರಾ? ಮೊದಲು ಅದನ್ನು ತೆಗೆಯಿರಿ.

ಅಥಣಿ ಹುಡುಗ
ಇಷ್ಟೆಲ್ಲ ಯಾಕೆ ಅಣ್ಣಾ. "ಸಾರಿ ದೋಸ್ತ, ಬರೋಕಾಗ್ಲಿಲ್ಲ" ಅಂತ ಹಾಕಿ ಬಿಡಿ. ಗೆಳೆತನದಲ್ಲಿ ಇದೆಲ್ಲ ಲೆಕ್ಕಕ್ಕೆ ಬರುವುದಿಲ್ಲ.

ಕನ್ನಡ ಮಾಸ್ತರ
ಸಾರಿ ಬೇಡ. ನಮ್ಮಲ್ಲಿ ಪದ ಇಲ್ಲವೇ? "ಕ್ಷಮಾಪಣೆ ಕೇಳುತ್ತೇನೆ" ಎಂದು ಬರೆಯಿರಿ, ತೂಕ ಬರುತ್ತದೆ. ಇನ್ನೊಂದು ತಪ್ಪು ಯಾರೂ ಗಮನಿಸಿಲ್ಲ. ಮೊದಲು "ನಿನ್ನ" ಎಂದು ಬರೆದು ಆಮೇಲೆ "ಕ್ಷಮಿಸಿ" ಎಂದಿದ್ದೀರಿ. ನೀನು ಎಂದರೆ ಕ್ಷಮಿಸು. ನೀವು ಎಂದರೆ ಕ್ಷಮಿಸಿ. ಎರಡನ್ನೂ ಕಲಸಬಾರದು.

ಜಮಖಂಡಿ ಛಾಪಖಾನೆ
ಮಾಸ್ತರು ಹೇಳಿದ ಎರಡನೆಯ ಮಾತು ನೂರಕ್ಕೆ ನೂರು ಸರಿ. ಮೊದಲನೆಯದನ್ನು ನಾನು ಒಪ್ಪುವುದಿಲ್ಲ. ಸಂಸ್ಕೃತದಲ್ಲಿ ಕ್ಷಮಾಪಣ ಅಂದರೇನೇ ಕ್ಷಮೆ ಬೇಡುವುದು. "ಕ್ಷಮಾಪಣೆ ಕೇಳುತ್ತೇನೆ" ಅಂದರೆ ಬೇಡುವುದನ್ನು ಬೇಡಿದ ಹಾಗೆ. ಬಳಕೆಯಲ್ಲಿ ಎಲ್ಲರೂ ಹಾಗೇ ಅನ್ನುತ್ತಾರೆ, ಅದನ್ನು ತಪ್ಪು ಅನ್ನಲಾರೆ. ಆದರೆ ಹಾಸ್ಟೆಲಿನಲ್ಲಿ ಒಂದೇ ತಾಟಿನಲ್ಲಿ ಉಂಡವನಿಗೆ ಆ ಪದ ಹೊಂದುವುದಿಲ್ಲ.

ನಾನು 22 ವರ್ಷದಿಂದ ಲಗ್ನಪತ್ರಿಕೆ, ವಾಸ್ತುಶಾಂತಿ ಕಾರ್ಡ್ ಕಂಪೋಸ್ ಮಾಡುತ್ತಾ ಬಂದವ. ನಿಮ್ಮ ಸಂದೇಶದ ಭಾಷೆ ನನಗೆ ಚೆನ್ನಾಗಿ ಗೊತ್ತು, ಅದು ಕಾರ್ಡಿನ ಭಾಷೆ. ನೂತನ, ಸಮಾರಂಭ, ಕಾರಣಾಂತರ, ಭಾವಿಸುತ್ತೇನೆ, ಎಲ್ಲವೂ ಅಲ್ಲಿಂದಲೇ ಬಂದಿವೆ. ಕಾರ್ಡ್ ಐನೂರು ಜನಕ್ಕೆ ಹೋಗುತ್ತದೆ, ಅದಕ್ಕೆ ಆ ಭಾಷೆ ಸರಿ. ನಿಮ್ಮ ಸಂದೇಶ ಹೋಗುವುದು ಒಬ್ಬನಿಗೆ.

ಪದಗಳನ್ನು ಬದಲಿಸಿದರೂ ಒಂದು ತೊಡಕು ಉಳಿಯುತ್ತದೆ. "ಸಾಧ್ಯವಾಗಲಿಲ್ಲ" ಅಂದಿದ್ದೀರಿ. ಅಥಣಿಯ ತಮ್ಮ ಬರೆದ "ಬರೋಕಾಗ್ಲಿಲ್ಲ" ಕೂಡ ಅದೇ. ಬಾಯಿಬಿಟ್ಟು ಪೂರ್ತಿ ಹೇಳಿ ನೋಡಿ. "ನನಗೆ ಬರಲಿಕ್ಕೆ ಆಗಲಿಲ್ಲ" ಅನ್ನುತ್ತೀರಿ. ನಾನು ಅಲ್ಲ, ನನಗೆ. ನನಗೆ ಜ್ವರ ಬಂತು, ನನಗೆ ನಿದ್ದೆ ಹತ್ತಿತು ಅಂದಂತೆ ಅದು ತಾನಾಗಿ ಬಂದು ಮೈಮೇಲೆ ಬಿದ್ದ ಸಂಗತಿಯಾಗುತ್ತದೆ. "ನಾನು ಬರಲಿಲ್ಲ" ಅಂದಾಗ ಮಾತ್ರ ಬರದೇ ಇದ್ದವರು ನೀವಾಗುತ್ತೀರಿ. ನೀವು ಮೇಲೆ ನಮಗೆ ಬರೆಯುವಾಗ ಏನು ಬರೆದಿದ್ದೀರಿ ನೋಡಿ: "ನಾನು ಹೋಗಲಿಲ್ಲ." ನಮಗೆ ನಿಜ ಹೇಳಿದ್ದೀರಿ, ಅವನಿಗೆ ಹೇಳಿಲ್ಲ.

ಅಥಣಿ ಹುಡುಗ
ಅಂದರೆ "ಆಗಲಿಲ್ಲ" ಅಂತ ಯಾವತ್ತೂ ಬರೆಯಲೇಬಾರದಾ? ನಮ್ಮ ಕಡೆ ಎಲ್ಲರೂ ಹಾಗೇ ಅನ್ನುತ್ತಾರಲ್ಲ.

ಜಮಖಂಡಿ ಛಾಪಖಾನೆ
ಬರೆಯಬಹುದು ತಮ್ಮಾ. ನಿಜವಾಗಿ ಆಗದೇ ಇದ್ದಾಗ ಬರೆಯಬೇಕು. ಮಗು ಆಸ್ಪತ್ರೆಯಲ್ಲಿತ್ತು, ಹೊಳೆ ಬಂದು ದಾರಿ ಬಂದಾಗಿತ್ತು, ಆಗ "ಬರಲಿಕ್ಕಾಗಲಿಲ್ಲ" ಅನ್ನುವುದೇ ನಿಜ. "ಯಾಕೆ ಆಗಲಿಲ್ಲ?" ಅಂತ ನಿಮ್ಮನ್ನೇ ಕೇಳಿಕೊಳ್ಳಿ. ಒಂದೇ ಸಾಲಿನಲ್ಲಿ ತಡವರಿಸದೆ ಉತ್ತರ ಬಂದರೆ ಆ ಮಾತು ಇಡಿ. ಉತ್ತರ ಹುಡುಕುವ ಹಾಗಾದರೆ "ಬರಲಿಲ್ಲ" ಅಂತ ಬರೆಯಿರಿ.

ಕುಂದಾ ನಗರಿ ಅಕ್ಕ
ಈ "ಕಾರಣಾಂತರಗಳಿಂದ" ಅನ್ನುವ ಪದ ನೋಡಿದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ನನ್ನ ಕುಬಸಕ್ಕೆ ನನ್ನ ಜೀವದ ಗೆಳತಿ ಬರಲಿಲ್ಲ. ಬೆಳಗಾವಿಯಲ್ಲೇ ಇದ್ದಳು, ಟಿಳಕವಾಡಿಯಿಂದ ಶಹಾಪುರಕ್ಕೆ ಬರಬೇಕಿತ್ತು ಅಷ್ಟೇ. ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕೂತಿದ್ದೇನೆ, ಒಬ್ಬೊಬ್ಬರೇ ಬಂದು ಉಡಿ ತುಂಬುತ್ತಿದ್ದಾರೆ, ನನ್ನ ಕಣ್ಣು ಬಾಗಿಲ ಮೇಲೇ ಇತ್ತು. ಅವಳಿಗೆ ಅಂತ ನಮ್ಮವ್ವ ಬಳೆ ಬೇರೆ ತೆಗೆದಿಟ್ಟಿದ್ದಳು. ಒಂದು ಡಜನ್, ಕಾಗದದಲ್ಲಿ ಸುತ್ತಿ ದೇವರ ಜಗಲಿ ಮೇಲೆ.

ಮೂರು ದಿನ ಬಿಟ್ಟು ಸಂದೇಶ ಬಂತು. "ಕಾರಣಾಂತರಗಳಿಂದ ಬರಲಾಗಲಿಲ್ಲ, ಬೇಜಾರಾಗಿದ್ದರೆ ಕ್ಷಮೆ ಇರಲಿ." ಬೇಜಾರಾಗಿ*ದ್ದರೆ* ಅಂತೆ! ಆಗಿದೆಯೋ ಇಲ್ಲವೋ ಅವಳಿಗೆ ಗೊತ್ತಿಲ್ಲವಾ? ಚಿಕ್ಕಂದಿನಿಂದ ನನ್ನ ಜೊತೆ ಬೆಳೆದವಳು. ಆ ಒಂದು "ದ್ದರೆ" ನೋಡಿ ನಾನು ಉತ್ತರವನ್ನೇ ಕೊಡಲಿಲ್ಲ. ನಿಮ್ಮ ಸಂದೇಶದಲ್ಲೂ "ನೋವಾಗಿದ್ದರೆ" ಇದೆ. ದಯವಿಟ್ಟು ಅದನ್ನು ತೆಗೆಯಿರಿ ಅಣ್ಣಾ.

ಇಂಡಿ ಲಿಂಬೆ
ಅಕ್ಕಾ, ಆಮೇಲೆ ಮಾತಾಡಿದಿರಾ ಇಬ್ಬರೂ?

ಕುಂದಾ ನಗರಿ ಅಕ್ಕ
ಮಾತಾಡುತ್ತೇವೆ. ಮೊದಲಿನ ಹಾಗಲ್ಲ. ಬಳೆ ಇನ್ನೂ ನಮ್ಮವ್ವನ ಹತ್ತಿರ ಇವೆ.

ತಾಳಿಕೋಟಿ ಸರ್ಕಲ್
ನನಗೂ ಇಂಥದ್ದೇ ಒಂದು ಬೇಕಿತ್ತು. ನಮ್ಮ ಮ್ಯಾನೇಜರ್ ಮಗಳ ಲಗ್ನಕ್ಕೆ ಹೋಗಲಾಗಲಿಲ್ಲ, ರಜೆ ಅರ್ಜಿಯ ಜೊತೆಗೆ ಕೊಡಲು ಕ್ಷಮೆಪತ್ರದ ನಮೂನೆ ಯಾರ ಹತ್ತಿರವಾದರೂ ಇದೆಯಾ? ಗೌರವಾನ್ವಿತ ಅಂತ ಶುರು ಮಾಡಬೇಕಾ, ಮಾನ್ಯರೇ ಅಂತಲಾ?

ಘಟಪ್ರಭಾ ದಂಡೆ
ಸರ್, ಇಲ್ಲಿ ಮಾತು ಗೆಳೆಯನಿಗೆ ಕಳಿಸುವ ವಾಟ್ಸಾಪ್ ಸಂದೇಶದ್ದು. ನಿಮ್ಮದಕ್ಕೆ ಬೇರೆ ಪ್ರಶ್ನೆ ಹಾಕಿ. ಒಂದು ಮಾತ್ರ ಹೇಳ್ತೀನಿ, ಮಗಳ ಲಗ್ನದ ವಿಷಯವನ್ನು ರಜೆ ಅರ್ಜಿಗೆ ಸೇರಿಸಬೇಡಿ. ಅವರ ಟೇಬಲ್ ಹತ್ತಿರ ಹೋಗಿ ನಿಂತು ಬಾಯಲ್ಲಿ ಹೇಳಿ.

ನವನಗರ ಸೆಕ್ಟರ್
ನಾನು ನವನಗರದವನು, ಈ ಗೆಳೆಯ ಯಾರೋ ಗೊತ್ತಿಲ್ಲ. ಒಂದು ಕೇಳ್ತೀನಿ. ಅವರದು ಮುಳುಗಡೆ ಆದ ಮನೆತನವಾ?

ಗುಮ್ಮಟದ ಊರವ
ಹೌದು ಸರ್. ಹಳೆ ಬಾಗಲಕೋಟೆಯಲ್ಲಿ ಅವರ ಮನೆ ಆಲಮಟ್ಟಿ ಹಿನ್ನೀರಿಗೆ ಹೋಯಿತು. ಸೈಟ್ ಇತ್ತು, ಕಟ್ಟಲು ಕೈಯಲ್ಲಿ ಹಣ ಇರಲಿಲ್ಲ. ಅವನ ತಂದೆ ಬಾಡಿಗೆ ಮನೆಯಲ್ಲೇ ತೀರಿಕೊಂಡರು. ಈಗ ಅವನು ಕಟ್ಟಿಸಿದ್ದಾನೆ. ಹಳೆ ಮನೆಯ ತಲಬಾಗಿಲ ಚೌಕಟ್ಟನ್ನು ಇಷ್ಟು ವರ್ಷ ಜೋಪಾನ ಮಾಡಿ ಇಟ್ಟಿದ್ದರು, ಅದನ್ನೇ ದೇವರ ಕೋಣೆಗೆ ಕೂರಿಸಿದ್ದಾನಂತೆ. ಕಾರ್ಡ್ ಕೊಡಲು ಬಂದಾಗ ಹೇಳಿದ್ದ.

ನವನಗರ ಸೆಕ್ಟರ್
ಹಾಗಾದರೆ ಅದು ಬರೀ ವಾಸ್ತುಶಾಂತಿ ಅಲ್ಲ ಅಣ್ಣಾ. ಇಲ್ಲಿ ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ, ಹಳೆ ಊರಿನ ಒಂದು ಕಲ್ಲು, ಒಂದು ಬಾಗಿಲು ತಂದು ಇಟ್ಟುಕೊಂಡಿರುತ್ತಾರೆ. ಆ ಚೌಕಟ್ಟು ಕೂರಿಸಿದ ದಿನ ಜೊತೆಗಿರಲಿ ಅಂತಲೇ ಅವನು ನಿಮ್ಮನ್ನು ಕರೆದಿದ್ದಾನೆ. ನಿಮ್ಮ ಸಂದೇಶದಲ್ಲಿ "ನೂತನ ಮನೆ" ಅಂತ ಇದೆ, ಚೌಕಟ್ಟಿನ ಸುದ್ದಿಯೇ ಇಲ್ಲ. ಅದನ್ನು ಬರೆಯಿರಿ. ಅವನು ಹೇಳಿದ್ದು ನಿಮಗೆ ನೆನಪಿದೆ ಅಂತ ಗೊತ್ತಾಗಲಿ.

ಗುಮ್ಮಟದ ಊರವ
ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ನೀವು ಹೇಳಿದ್ದು ನಿಜ.

ಬಸವನಬಾಗೇವಾಡಿ ಕಾಕಾ
ಕಾರಣವನ್ನೇ ಬರೆಯಬೇಡಿ ಅಂತ ನನ್ನ ಸಲಹೆ. ಕಾರಣ ಹೇಳಿದರೆ ನೆಪ ಆಗುತ್ತದೆ. ತಪ್ಪಾಯ್ತು, ಕ್ಷಮಿಸು, ಮುಗೀತು.

ಇಲಕಲ್ ಸೆರಗು
ಕಾಕಾ, ಅರ್ಧ ಒಪ್ಪುತ್ತೇನೆ. ಉದ್ದ ಕಾರಣ ನೆಪ ಆಗುತ್ತದೆ, ಹೌದು. ಆದರೆ ಕಾರಣವೇ ಇಲ್ಲದಿದ್ದರೆ ಆ ಕಡೆಯವರು ತಾವೇ ಒಂದು ಕಾರಣ ಹುಡುಕಿಕೊಳ್ಳುತ್ತಾರೆ, ಅದು ನಿಜಕ್ಕಿಂತ ಕೆಟ್ಟದಾಗಿರುತ್ತದೆ. ನಾನು ಏನಾದರೂ ಅಂದೆನಾ, ಕರೆದ ರೀತಿ ಸರಿ ಇರಲಿಲ್ವಾ, ಸಾಲದ ವಿಷಯ ಏನಾದರೂ ಮನಸ್ಸಲ್ಲಿದೆಯಾ ಅಂತ. ನನ್ನ ಗಂಡನ ಗೆಳೆಯರೊಬ್ಬರು ಹೀಗೇ ಏನೂ ಹೇಳದೆ ಬರೀ ಕ್ಷಮಿಸು ಅಂದಿದ್ದಕ್ಕೆ ಇವರು ಎರಡು ತಿಂಗಳು ತಲೆ ಕೆಡಿಸಿಕೊಂಡಿದ್ದರು. ಕೊನೆಗೆ ನೋಡಿದರೆ ಅವತ್ತು ಅವರಿಗೆ ಬಾಡಿಗೆ ಗಾಡಿಗೆ ಹಣ ಇರಲಿಲ್ಲ ಅಷ್ಟೇ. ಒಂದು ಸಾಲು ಕಾರಣ ಇರಲಿ. ಕ್ಷಮೆಯ ಮಾತಿಗಿಂತ ಅದು ಉದ್ದ ಆಗದಿರಲಿ.

ಬೀಗರ ಹೆಸರು ಮಾತ್ರ ತರಬೇಡಿ. "ಬೀಗರು ಬಂದಿದ್ದರು" ಅಂದರೆ ಅವರಿಗಿಂತ ನಾನು ಕಡಿಮೆಯಾದೆನಾ ಅಂತ ಅವನಿಗೆ ಅನಿಸುತ್ತದೆ. ತಡವಾಗಿ ಎದ್ದದ್ದು ನೀವು. ಅಷ್ಟು ಸಾಕು.

ಜಮಖಂಡಿ ಛಾಪಖಾನೆ
ಇಲಕಲ್ ಅಕ್ಕಾರ ಮಾತು ಸರಿ. ಇನ್ನೂ ಒಂದು ದೊಡ್ಡದು ಉಳಿದಿದೆ, ಯಾರೂ ಎತ್ತಿಲ್ಲ. ಎರಡು ಫೋನ್. ಹನ್ನೆರಡೂವರೆಗೆ ಅವನು ಮಾಡಿದ್ದು ಊಟಕ್ಕೆ ಕಾಯಲಿಕ್ಕೆ. ಮೂರಕ್ಕೆ ಮಾಡಿದ್ದು ನಿಮಗೆ ದಾರಿಯಲ್ಲಿ ಏನಾದರೂ ಆಯಿತಾ ಅನ್ನುವ ಗಾಬರಿಗೆ. ಬರದೇ ಇದ್ದದ್ದನ್ನು ಅವನು ಮರೆಯಬಹುದು, ಫೋನ್ ಎತ್ತದ್ದನ್ನು ಮರೆಯುವುದು ಕಷ್ಟ. ನಿಮ್ಮ ಸಂದೇಶದಲ್ಲಿ ಅದರ ಹೆಸರೇ ಇಲ್ಲ.

ಎಲ್ಲರ ಮಾತು ಸೇರಿಸಿ ನಾನು ಹೀಗೆ ಬರೆಯುತ್ತಿದ್ದೆ:

"ದೋಸ್ತ, ರವಿವಾರ ನಿನ್ನ ಮನೆ ಶಾಂತಿಗೆ ನಾನು ಬರಲಿಲ್ಲ. ತಡವಾಗಿ ಎದ್ದೆ, ಇನ್ನೇನು ಹೋಗುವುದು ಅಂತ ಬಿಟ್ಟೆ. ಬರಬಹುದಿತ್ತು. ನೀನು ಎರಡು ಸಲ ಫೋನ್ ಮಾಡಿದಾಗ ಎತ್ತಲಿಲ್ಲ, ಅದು ಇನ್ನೂ ದೊಡ್ಡ ತಪ್ಪು. ಹಳೆ ಮನೆ ಚೌಕಟ್ಟು ಕೂರಿಸಿದ ದಿನ ನಾನು ನಿನ್ನ ಜೊತೆ ಇರಬೇಕಿತ್ತು. ತಪ್ಪಾಯ್ತು, ಕ್ಷಮಿಸು. ಬರುವ ರವಿವಾರ ಬರಲಾ?"

"ಆದರೆ" ಸಾಲನ್ನು ಪೂರ್ತಿ ತೆಗೆದಿದ್ದೇನೆ. ಕ್ಷಮಿಸು ಅಂದ ಮೇಲೆ ಆದರೆ ಅಂತ ಬಂದರೆ ಕ್ಷಮೆ ಕೇಳಿದ್ದನ್ನು ವಾಪಸ್ ತೆಗೆದುಕೊಂಡ ಹಾಗೆ. ಹಾರೈಕೆಯನ್ನೂ ತೆಗೆದಿದ್ದೇನೆ, ಅದನ್ನು ಹೋದಾಗ ಬಾಯಲ್ಲಿ ಹೇಳಿ.

ಕನ್ನಡ ಮಾಸ್ತರ
ಛಾಪಖಾನೆಯವರೇ, ನಿಮ್ಮದೇ ಲೆಕ್ಕದಲ್ಲಿ ಒಂದು ಪ್ರಶ್ನೆ. "ಆಗಲಿಲ್ಲ" ಎಂದರೆ ನುಣುಚಿಕೊಂಡ ಹಾಗೆ ಎಂದಿರಿ. ಹಾಗಾದರೆ "ತಪ್ಪಾಯ್ತು" ಏನು? ತಪ್ಪು ತಾನಾಗಿ ಆಯಿತೇ? ನೀವೇ ಹೇಳಿದ ಪ್ರಕಾರ "ತಪ್ಪು ಮಾಡಿದೆ" ಎಂದಿರಬೇಕು.

ಅಥಣಿ ಹುಡುಗ
ಮಾಸ್ತರ್ ಸರಿಯಾಗಿ ಹಿಡಿದರು!

ಜಮಖಂಡಿ ಛಾಪಖಾನೆ
ಪ್ರಶ್ನೆ ನ್ಯಾಯವಾದದ್ದು. ವ್ಯಾಕರಣ ನೋಡಿದರೆ ಎರಡೂ ಒಂದೇ ಜಾತಿ. ಆದರೆ "ತಪ್ಪಾಯ್ತು" ಅನ್ನುವುದನ್ನು ನಾವು ಯಾವಾಗ ಅನ್ನುತ್ತೇವೆ ನೋಡಿ. ದೇವರ ಮುಂದೆ ಗಲ್ಲ ಬಡಿದುಕೊಂಡು ಅನ್ನುತ್ತೇವೆ. ಕಾಲು ತಾಗಿದರೆ ಮುಟ್ಟಿ ನಮಸ್ಕರಿಸಿ ಅನ್ನುತ್ತೇವೆ. ಅಪ್ಪ ಬೈದಾಗ ತಲೆ ತಗ್ಗಿಸಿ ಅನ್ನುತ್ತೇವೆ. ಅಷ್ಟು ಸಲ ತಲೆ ತಗ್ಗಿಸಿ ಹೇಳಿ ಹೇಳಿ ಆ ಮಾತಿಗೇ ತಲೆ ತಗ್ಗಿಸುವ ಅರ್ಥ ಬಂದಿದೆ. "ಬರಲಿಕ್ಕಾಗಲಿಲ್ಲ" ಅನ್ನುವುದನ್ನು ಯಾರೂ ಗಲ್ಲ ಬಡಿದುಕೊಂಡು ಹೇಳುವುದಿಲ್ಲ. "ತಪ್ಪು ಮಾಡಿದೆ" ಅನ್ನುವುದು ಪಂಚಾಯಿತಿ ಮುಂದೆ ಒಪ್ಪಿಕೊಂಡಂತೆ ಕೇಳುತ್ತದೆ, ಗೆಳೆಯನಿಗೆ ಬಿಗಿಯಾಯಿತು.

ಕನ್ನಡ ಮಾಸ್ತರ
ಬಳಕೆಯ ಮಾತು ಒಪ್ಪುತ್ತೇನೆ. ನಿಯಮ ಒಂದು ಕಡೆ ಹೂಡಿ ಇನ್ನೊಂದು ಕಡೆ ಬಿಡುವುದನ್ನು ಒಪ್ಪುವುದಿಲ್ಲ. "ನನ್ನದೇ ತಪ್ಪು" ಎಂದರೆ ಎರಡೂ ತಕರಾರು ಇರುವುದಿಲ್ಲ.

ಘಟಪ್ರಭಾ ದಂಡೆ
"ನನ್ನದೇ ತಪ್ಪು" ನನಗೂ ಹಿಡಿಸಿತು.

ಸವದತ್ತಿ ಗುಡ್ಡ
ನನ್ನ ಅಭಿಪ್ರಾಯ, ಇದನ್ನು ನಮ್ಮ ಕಡೆ ಮಾತಿನಲ್ಲೇ ಬರೆಯಬೇಕು. ಇಬ್ಬರೂ ಇಲ್ಲಿಯವರೇ ಅಲ್ವಾ? "ದೋಸ್ತ, ರವಿವಾರ ನಿಮ್ಮನಿ ಶಾಂತಿಗೆ ನಾ ಬರ್ಲಿಲ್ಲ. ಬರಬೋದಿತ್ತು, ತಡಾ ಆತಂತ ಬಿಟ್ಟೆ. ಎರಡ ಸಲ ಫೋನ್ ಮಾಡಿದಿ, ಎತ್ತಲಿಲ್ಲ, ಅದಂತೂ ಭಾಳ ತಪ್ಪಾತು." ಹೀಗಿದ್ದರೆ ಓದುವಾಗ ನಿಮ್ಮ ದನಿಯೇ ಕೇಳಿಸುತ್ತದೆ.

ಇಂಡಿ ಲಿಂಬೆ
ದಿನಾ ವಾಟ್ಸಾಪಿನಲ್ಲಿ ಹಾಗೆ ಬರೆದುಕೊಳ್ಳುವವರಾದರೆ ಸರಿ. ಅವರು ಯಾವಾಗಲೂ ಪುಸ್ತಕದ ಕನ್ನಡ ಟೈಪ್ ಮಾಡುವವರಾಗಿದ್ದು ಇವತ್ತು ಮಾತ್ರ ಹೀಗೆ ಬರೆದರೆ ಚೇಷ್ಟೆ ಮಾಡಿದ ಹಾಗಾಗುತ್ತದೆ. ಹಳೆ ಸಂದೇಶ ತೆಗೆದು ನೋಡಿ, ಹೋದ ತಿಂಗಳು ಅವನಿಗೆ ಹೇಗೆ ಬರೆದಿದ್ದಿರೋ ಹಾಗೇ ಬರೆಯಿರಿ.

ಸವದತ್ತಿ ಗುಡ್ಡ
ನಮ್ಮ ಮಾತು ಯಾಕೆ ಚೇಷ್ಟೆ ಆಗಬೇಕು? ಇದೇ ಸಿಟ್ಟು ಬರುವುದು ನನಗೆ. ದುಃಖ ಆದಾಗ ನಾವು ಅಳುವುದು ಈ ಮಾತಿನಲ್ಲೇ.

ಇಂಡಿ ಲಿಂಬೆ
ಮಾತಿನ ಬಗ್ಗೆ ನಾನೇನೂ ಹೇಳಲಿಲ್ಲ ಅಣ್ಣಾ, ಇದ್ದಕ್ಕಿದ್ದಂತೆ ಬದಲಿಸುವುದರ ಬಗ್ಗೆ ಹೇಳಿದೆ.

ಬಸವನಬಾಗೇವಾಡಿ ಕಾಕಾ
ಆಯೇರದ್ದು ಏನು ಮಾಡಿದಿರಿ? ಸಂದೇಶದ ಜೊತೆ ಫೋನ್‌ನಲ್ಲೇ 501 ರೂಪಾಯಿ ಹಾಕಿಬಿಡಿ.

ಕುಂದಾ ನಗರಿ ಅಕ್ಕ
ಬೇಡ ಬೇಡ! ಸಂದೇಶದ ಕೆಳಗೇ ಹಣ ಬಂದರೆ ಬರದೇ ಇದ್ದದ್ದಕ್ಕೆ ದಂಡ ಕಟ್ಟಿದ ಹಾಗೆ ಇರುತ್ತದೆ. ಆಯೇರ ಕೈಯಲ್ಲಿ ಕೊಡಬೇಕು, ಕುಂಕುಮ ಹಚ್ಚಿಸಿಕೊಂಡು.

ಬಸವನಬಾಗೇವಾಡಿ ಕಾಕಾ
ಈಗ ಎಲ್ಲರೂ ಹಾಕುತ್ತಾರೆ ತಂಗೀ. ದೂರ ಇರುವವರು ಏನು ಮಾಡಬೇಕು? ಪುಣೆಯಿಂದ, ದುಬೈಯಿಂದ ನನ್ನ ಮಗನ ಲಗ್ನಕ್ಕೆ ಹಾಕಿದ್ದರು, ನಮಗೇನೂ ಬೇಸರ ಆಗಲಿಲ್ಲ.

ಇಲಕಲ್ ಸೆರಗು
ದೂರದವರದು ಬೇರೆ ಕಾಕಾ. ಇವರದು ಎರಡು ತಾಸಿನ ದಾರಿ. ಹೋಗುವಾಗ ಏನಾದರೂ ತೆಗೆದುಕೊಂಡು ಹೋದರಾಯಿತು. ಅವರವ್ವನಿಗೊಂದು ಇಲಕಲ್ ಸೀರೆ ಅಂದರೆ ನಾನು ಪಕ್ಷಪಾತಿ ಅನ್ನುತ್ತೀರಿ.

ಘಟಪ್ರಭಾ ದಂಡೆ
ಗೋಕಾಕ ಕರದಂಟು ಒಯ್ಯಿರಿ.

ನವನಗರ ಸೆಕ್ಟರ್
ಬಾಗಲಕೋಟೆಗೆ ಗೋಕಾಕದ ಕರದಂಟು? ಅಮೀನಗಡ ನಮ್ಮ ಜಿಲ್ಲೆಯಲ್ಲೇ ಇದೆ ಸರ್.

ಘಟಪ್ರಭಾ ದಂಡೆ
ಅಮೀನಗಡದ್ದು ಚೆನ್ನಾಗಿದೆ, ಇಲ್ಲ ಅನ್ನಲಿಲ್ಲ. ಗೋಕಾಕದ್ದು ಗೋಕಾಕದ್ದೇ.

ಇಂಡಿ ಲಿಂಬೆ
ಕರದಂಟಿನ ಜಗಳ ಆಮೇಲೆ ಆಡಿ. ಟೈಪ್ ಮಾಡುವವರಿಗೆ ಒಂದು ಮಾತು. ಕಳಿಸಿದ ಮೇಲೆ ವಾಟ್ಸಾಪಿನಲ್ಲಿ 15 ನಿಮಿಷದೊಳಗೆ ತಿದ್ದಬಹುದು, ಆದರೆ ತಿದ್ದಿದ್ದು ಅಂತ ಕೆಳಗೆ ಗುರುತು ಬೀಳುತ್ತದೆ. ಅಳಿಸಿದರಂತೂ ಏನು ಬರೆದಿದ್ದ ಅಂತ ಅವನು ಯೋಚಿಸುತ್ತಾ ಕೂರುತ್ತಾನೆ. ಬೇರೆ ಕಡೆ ಬರೆದು, ಒಮ್ಮೆ ಗಟ್ಟಿಯಾಗಿ ಓದಿ, ಆಮೇಲೆ ಹಾಕಿ. ಓದುವಾಗ ನಾಲಿಗೆ ಎಲ್ಲಿ ತಡವರಿಸುತ್ತದೋ ಆ ಪದ ನಿಮ್ಮದಲ್ಲ.

ನವನಗರ ಸೆಕ್ಟರ್
ಕೊನೆಯ "ಬರುವ ರವಿವಾರ ಬರಲಾ?" ಬಗ್ಗೆ ನನಗೆ ಅನುಮಾನ ಇದೆ. ಪ್ರಶ್ನೆ ಕೇಳಿದರೆ ಅವನು ಉತ್ತರ ಕೊಡಲೇಬೇಕಾಗುತ್ತದೆ. ಸಿಟ್ಟು ಇಳಿಯಲು ಅವನಿಗೆ ಸಮಯ ಬೇಕಿರಬಹುದು.

ಜಮಖಂಡಿ ಛಾಪಖಾನೆ
ನಾನು ಮೊದಲು "ಬರ್ತೀನಿ, ಮನೆಯಲ್ಲಿ ಇರು" ಅಂತ ಬರೆದಿದ್ದೆ, ಅದು ಹುಕುಂ ಆಯಿತು ಅಂತ "ಬರಲಾ" ಮಾಡಿದೆ. "ಯಾವತ್ತಾದರೂ ಬರ್ತೀನಿ" ಅಂದರೆ ಬರುವುದಿಲ್ಲ ಅಂತಲೇ ಅರ್ಥ. ದಿನ ಹೇಳಲೇಬೇಕು. ನಿಮ್ಮ ಮಾತೂ ಸರಿ. "ನೀನು ಹೂಂ ಅಂದರೆ ಬರುವ ರವಿವಾರ ಬರ್ತೀನಿ" ಅಂದರೆ ದಿನವೂ ಇರುತ್ತದೆ, ಅವಸರವೂ ಇರುವುದಿಲ್ಲ.

ಗುಮ್ಮಟದ ಊರವ
ಎಲ್ಲರಿಗೂ ಕೈ ಮುಗಿಯುತ್ತೇನೆ. ನಿನ್ನೆ ರಾತ್ರಿ ಕಳಿಸಿದೆ. ಹಳೆ ಸಂದೇಶ ತೆಗೆದು ನೋಡಿದೆ, ನಾವು ಅರ್ಧ ಆ ಮಾತು ಅರ್ಧ ಈ ಮಾತು ಬರೆಯುತ್ತಿದ್ದೆವು. ಹಾಗಾಗಿ ಹೀಗೆ ಹೋಯಿತು:

"ದೋಸ್ತ, ರವಿವಾರ ಮನೆ ಶಾಂತಿಗೆ ನಾ ಬರಲಿಲ್ಲ. ತಡವಾಗಿ ಎದ್ದೆ, ಇನ್ನೇನು ಹೋಗೋದು ಅಂತ ಬಿಟ್ಟೆ. ಬರಬಹುದಿತ್ತು. ನೀ ಎರಡು ಸಲ ಫೋನ್ ಮಾಡಿದಿ, ಎತ್ತಲಿಲ್ಲ, ಅದು ಇನ್ನೂ ದೊಡ್ಡ ತಪ್ಪು. ಹಳೆ ಮನೆ ಚೌಕಟ್ಟು ಕೂರಿಸಿದ ದಿನ ನಾ ನಿನ್ನ ಜೊತೆ ಇರಬೇಕಿತ್ತು. ನನ್ನದೇ ತಪ್ಪು, ಕ್ಷಮಿಸು. ನೀ ಹೂಂ ಅಂದ್ರ ಬರುವ ರವಿವಾರ ಬರ್ತೀನಿ."

ಎರಡು ನೀಲಿ ಗೆರೆ ಆಗಲೇ ಬಂತು. ರಾತ್ರಿಯೆಲ್ಲ ಉತ್ತರ ಇಲ್ಲ. ಬೆಳಿಗ್ಗೆ ಆರೂವರೆಗೆ ಒಂದೇ ಸಾಲು ಬಂದಿದೆ: "ಅವ್ವ ಮೂರು ಸಲ ಕೇಳಿದ್ಲು, ಅಂವ ಬಂದನೇನು ಅಂತ."

ಇದು ಸಿಟ್ಟಾ? ನನಗೆ ತಿಳಿಯುತ್ತಿಲ್ಲ.

ಅಥಣಿ ಹುಡುಗ
ಇನ್ನೂ ಸಿಟ್ಟಿದೆ ಅಣ್ಣಾ. ಬಾ ಅಂತ ಬರೆದಿಲ್ಲ ನೋಡಿ.

ಕುಂದಾ ನಗರಿ ಅಕ್ಕ
ಸಿಟ್ಟಲ್ಲ. ಸಿಟ್ಟಿದ್ದರೆ ನನ್ನ ಹಾಗೆ ಉತ್ತರವನ್ನೇ ಕೊಡುತ್ತಿರಲಿಲ್ಲ. ಅವರವ್ವನಿಗೆ ಫೋನ್ ಮಾಡಿ. ಸಂದೇಶ ಬೇಡ, ಫೋನ್. ಈಗಲೇ.

ಗುಮ್ಮಟದ ಊರವ
ಮಾಡಿದೆ ಅಕ್ಕಾ. "ತಪ್ಪಾಯ್ತವ್ವಾ" ಅಂತ ಅಂದೆ, ಮಾಸ್ತರು ಕ್ಷಮಿಸಬೇಕು, ಬೇರೆ ಮಾತು ಬಾಯಿಗೆ ಬರಲಿಲ್ಲ. ಅವರು ಅದಕ್ಕೆ ಏನೂ ಅನ್ನಲಿಲ್ಲ. ರವಿವಾರ ಎಷ್ಟು ಗಂಟೆ ಬಸ್ಸಿಗೆ ಬರ್ತೀ, ಮಕ್ಕಳನ್ನೂ ಕರ್ಕೊಂಡು ಬಾ, ಹೋಳಿಗೆಗೆ ಬೇಳೆ ಎಷ್ಟು ನೆನೆಹಾಕಲಿ ಅಂತ ಕೇಳಿದರು.

ಘಟಪ್ರಭಾ ದಂಡೆ
ಮೊದಲ ಬಸ್ಸಿಗೇ ಹೋಗಿ.